ಮಧ್ಯರಾತ್ರಿ ಕೂಗಿದ ಹದ್ದು: ಬರ್ಡ್‌ನೆಟ್ ಪಟ್ಟಿ ಎಡವಟ್ಟಾದಾಗ ಎಲ್ಲಿಂದ ಹುಡುಕ್ಬೇಕು

ತೀರ್ಥಹಳ್ಳಿ ಕಡೆ ಮಾವನ ಅಡಿಕೆ ತೋಟದಲ್ಲಿ ಮೇ ತಿಂಗಳಲ್ಲಿ ಮೂರು ದಿನ ರೆಕಾರ್ಡರ್ ಕಟ್ಟಿ ಬಿಟ್ಟಿದ್ದೆ, ಆಡಿಯೋಮಾತ್ ಥರದ್ದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ತೋಟದ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಗದ್ದೆ, ಮಧ್ಯದಲ್ಲಿ ಹಲಸಿನ ಮರ, ಅದಕ್ಕೇ ಕಟ್ಟಿದ್ದು. ಕಾರ್ಡ್ ತಂದು ಫೈಲ್‌ಗಳನ್ನೆಲ್ಲ ಬರ್ಡ್‌ನೆಟ್‌ಗೆ, ಅಂದ್ರೆ ಸದ್ದು ಕೇಳಿ ಯಾವ ಹಕ್ಕಿ ಅಂತ ಹೇಳೋ ಪ್ರೋಗ್ರಾಮಿಗೆ ಹಾಕ್ದೆ. ಬಂದ ಪಟ್ಟಿ ನೋಡಿ ತಲೆ ಕೆಟ್ಟೋಯ್ತು. ಕ್ರೆಸ್ಟೆಡ್ ಸರ್ಪೆಂಟ್ ಈಗಲ್, ಅಂದ್ರೆ ಹಾವು ಹಿಡಿಯೋ ಆ ಜುಟ್ಟಿನ ಹದ್ದು, 41 ಸಲ. ಅದ್ರಲ್ಲಿ ಮುಕ್ಕಾಲು ಪಾಲು ಮಧ್ಯರಾತ್ರಿ 12ರಿಂದ 1 ಗಂಟೆ ಒಳಗೆ. ರಾತ್ರಿ ಹಕ್ಕಿ ನತ್ತಿಂಗ ಮಟಮಟ ಮಧ್ಯಾಹ್ನ ಒಂದೂವರೆಗೆ ಕೂಗಿದೆ. ಚೆಂಬುಕುಟಿಗ, ಅದೇ ಕಾಪರ್‌ಸ್ಮಿತ್ ಬಾರ್ಬೆಟ್, ಬಿಡುವೇ ಇಲ್ದೆ ಒಂದೂವರೆ ಗಂಟೆ ಕುಟ್ಟಿದೆ. ಇದರ ಜೊತೆಗೆ ಒಂದಿಷ್ಟು ಅಮೆರಿಕದ ಹಕ್ಕಿಗಳು ಬೇರೆ, ಕಾರ್ಡಿನಲ್ ಬಂದು ನಮ್ಮ ಅಡಿಕೆ ಮರದ ಮೇಲೆ ಕೂತಿತ್ತಂತೆ.

ಇಂಥ ಪಟ್ಟಿ ಬಂದ್ರೆ ತುಂಬಾ ಜನ ಮಾಡೋ ಮೊದಲ ಕೆಲಸ ಕಾನ್ಫಿಡೆನ್ಸ್ ಮಿತಿನ, ಅಂದ್ರೆ ಪ್ರೋಗ್ರಾಮು ಪ್ರತಿ ಗುರುತಿಗೂ 0ರಿಂದ 1ರ ಒಳಗೆ ಕೊಡೋ ಅಂಕದ ಕೆಳಗಡಿನ, 0.25ರಿಂದ 0.7ಕ್ಕೋ 0.8ಕ್ಕೋ ಏರ್ಸಿ ಉಳಿದಿದ್ದನ್ನ ನಂಬೋದು. ನಾನೂ ಅದನ್ನೇ ಮಾಡ್ದೆ. ಕಾರ್ಡಿನಲ್ ಹೋಯ್ತು, ಮಧ್ಯರಾತ್ರಿ ಹದ್ದು ಮಾತ್ರ 0.91 ಹಾಕ್ಕೊಂಡು ಪಟ್ಟಿಯ ತಲೆ ಮೇಲೇ ಕೂತಿತ್ತು. ಹಾಗಾಗಿ ಮಿತಿಗೆ ಕೈ ಹಾಕೋದು ಕೊನೆಗೆ, ಅದಕ್ಕೂ ಮುಂಚೆ ಬೇರೆ ನಾಲ್ಕು ಕಡೆ ನೋಡ್ಬೇಕು, ನಾನು ನೋಡಿದ ಕ್ರಮದಲ್ಲೇ ಹೇಳ್ತೀನಿ.

ಮೊದ್ಲು ಗಡಿಯಾರ

ರಾತ್ರಿ ಹಕ್ಕಿ ಹಗಲು, ಹಗಲು ಹಕ್ಕಿ ರಾತ್ರಿ ಬಂದ್ರೆ ಅದು ಹಕ್ಕಿಯ ಸಮಸ್ಯೆ ಅಲ್ಲ, ಟೈಮಿನದ್ದು. ಆಡಿಯೋಮಾತ್ ಫೈಲಿಗೆ ಹೆಸರಿಡೋದು ತಾರೀಖು ಮತ್ತು ಸಮಯದಿಂದ, ನೀವು ಬೇರೆ ಹೇಳದಿದ್ರೆ ಆ ಸಮಯ ಯುಟಿಸಿ, ಅಂದ್ರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಸೆಟ್ಟಿಂಗಲ್ಲಿ ಲೋಕಲ್ ಟೈಮ್ ಆರಿಸ್ಕೊಬಹುದು, ನಾನು ಆರಿಸಿರಲಿಲ್ಲ, ತಪ್ಪು ನನ್ನದೇ. ಖಚಿತ ಮಾಡ್ಕೊಳಕ್ಕೆ ಫೈಲಿನ ಒಳಗೆ ಬರೆದಿರೋ ಟಿಪ್ಪಣಿ ಓದಿ, ಅದ್ರಲ್ಲಿ ಯಾವ ಟೈಮ್‌ಝೋನು, ಗೇನ್ ಅಂದ್ರೆ ಸದ್ದನ್ನ ಎಷ್ಟು ಹಿಗ್ಗಿಸಿದ್ದು, ಬ್ಯಾಟರಿ ಎಷ್ಟಿತ್ತು ಎಲ್ಲ ಇರುತ್ತೆ:

```
exiftool 20240517_001000.WAV
```

ಇದ್ರಲ್ಲಿ `Comment` ಅನ್ನೋ ಸಾಲು ನೋಡಿ. ನನ್ನದ್ರಲ್ಲಿ UTC ಅಂತ ಸ್ಪಷ್ಟವಾಗಿ ಇತ್ತು. ಹಾಗಾಗಿ 00:10ರ ಫೈಲು ಅಂದ್ರೆ ಬೆಳಗಿನ ಜಾವ 5:40. ನತ್ತಿಂಗದ 13:30 ಅಂದ್ರೆ ಸಂಜೆ 7 ಗಂಟೆ, ಅದು ಕೂಗೋ ಹೊತ್ತೇ. ಒಂದೇ ಏಟಿಗೆ ನತ್ತಿಂಗದ ಕಥೆ ಮುಗೀತು.

ಟೈಮ್ ಸರಿ ಮಾಡಿದ್ಮೇಲೆ ಹದ್ದಿನ ಕಥೆನೂ ಮುಗೀತು ಅಂದ್ಕೊಂಡೆ, ಮಧ್ಯರಾತ್ರಿ ಹೋಗಿ ಬೆಳಿಗ್ಗೆ ಆಯ್ತಲ್ಲ. ರಾತ್ರಿ ಊಟಕ್ಕೆ ಕೂತಾಗ ಮಾವಂಗೆ ಹೇಳ್ದೆ. ಅವ್ರು ತಟ್ಟೆಯಿಂದ ತಲೆ ಎತ್ತದೇ, "ಐದೂವರೆಗೆ ಹದ್ದು ಕೂಗ್ತದನೋ? ಅದು ಏಳೋದೇ ಬಿಸಿಲು ಕಾದ ಮೇಲೆ" ಅಂದ್ರು. ಸರಿಯಾದ ಮಾತು. ಸರ್ಪೆಂಟ್ ಈಗಲ್ ಕೂಗೋದು ಹೆಚ್ಚಾಗಿ ಗಾಳಿ ಬಿಸಿಯಾಗಿ ಮೇಲೇಳೋ ಹೊತ್ತಲ್ಲಿ, ಎತ್ತರದಲ್ಲಿ ಸುತ್ತು ಹಾಕ್ತಾ, ಬೆಳಿಗ್ಗೆ ಒಂಬತ್ತರ ಮೇಲೆ. ಮೇ ತಿಂಗಳಲ್ಲಿ ನಮ್ಮ ಕಡೆ ಸೂರ್ಯ ಹುಟ್ಟೋದೇ ಆರು ಗಂಟೆ ಆಸುಪಾಸು. ಕತ್ತಲು ಬಿಡೋ ಮುಂಚೆ, ದಿನಾ ಅದೇ ಹೊತ್ತಿಗೆ, ಅದೂ ಮೂರು ದಿನ ಸಾಲಾಗಿ. ಅಂದ್ರೆ ಟೈಮ್ ತಿದ್ದಿದ್ರಿಂದ ಅರ್ಥವಿಲ್ಲದ ತಪ್ಪು ಹೋಗಿ ಅರ್ಥ ಇರೋ ತಪ್ಪು ಉಳೀತು. ಐದೂವರೆಗೆ ಏಳೋ ಹಕ್ಕಿ ಯಾವುದು ಅಂತ ಹುಡುಕ್ಬಹುದು, ಮಧ್ಯರಾತ್ರಿ ಅಂತ ನಂಬ್ಕೊಂಡಿದ್ರೆ ಗೂಬೆ ಹಿಂದೆ ಬಿದ್ದಿರ್ತಿದ್ದೆ.

ಆಮೇಲೆ ಜಾಗ ಮತ್ತು ವಾರ

ಕಾರ್ಡಿನಲ್ ಯಾಕೆ ಬಂತು ಅಂದ್ರೆ ನಾನು ಜಾಗ ಕೊಟ್ಟಿರಲಿಲ್ಲ. ಬರ್ಡ್‌ನೆಟ್‌ಗೆ ಪ್ರಪಂಚದ ಆರು ಸಾವಿರಕ್ಕೂ ಹೆಚ್ಚು ಜಾತಿಗಳು ಗೊತ್ತು. ಅಕ್ಷಾಂಶ ರೇಖಾಂಶ ಕೊಡದಿದ್ರೆ ಅದು ಅಷ್ಟನ್ನೂ ಎದುರಿಗಿಟ್ಕೊಂಡು ಊಹೆ ಮಾಡುತ್ತೆ, ಕೊಟ್ರೆ ಆ ಜಾಗದಲ್ಲಿ ಆ ವಾರ ಸಿಗೋ ಸಾಧ್ಯತೆ ಇರೋ ಜಾತಿಗಳನ್ನ ಮಾತ್ರ ಬಿಡುತ್ತೆ, ಈ-ಬರ್ಡ್ ಅನ್ನೋ ತಾಣದಲ್ಲಿ ಜನ ಹಾಕಿರೋ ದಾಖಲೆಗಳೇ ಅದಕ್ಕೆ ಆಧಾರ. ಇಲ್ಲಿ ವಾರದಲ್ಲೇ ಒಂದು ಮೋಸ ಇದೆ. ಬರ್ಡ್‌ನೆಟ್‌ನ ವರ್ಷಕ್ಕೆ 48 ವಾರ, ಪ್ರತಿ ತಿಂಗಳಿಗೆ ನಾಲ್ಕೇ ನಾಲ್ಕು. ಕ್ಯಾಲೆಂಡರ್ ನೋಡಿ ಮೇ ಮೂರನೇ ವಾರ ಅಂದ್ರೆ 20 ಅಂತ ಹಾಕ್ಬೇಡಿ, ಏಪ್ರಿಲ್ ಕೊನೆಗೆ 16 ಆಯ್ತು, ಮೇ ಮೂರನೇ ವಾರ 19. ಮೇನಲ್ಲಿ ಒಂದು ವಾರ ಆಚೀಚೆ ಆದ್ರೆ ಏನೂ ಮುಳುಗಲ್ಲ, ಆದ್ರೆ ವರ್ಷದ ಕೊನೆ ಕಡೆ ಹೋದಷ್ಟೂ ವ್ಯತ್ಯಾಸ ನಾಲ್ಕು ವಾರದ ತನಕ ಬೆಳೆಯುತ್ತೆ, ವಲಸೆ ಹಕ್ಕಿಗಳು ಬಂದು ಹೋಗೋ ಕಾಲದಲ್ಲಿ ಅದು ಪಟ್ಟಿನ ಕೆಡಿಸುತ್ತೆ.

```
python -m birdnet_analyzer.analyze thota/ -o out/ --lat 13.69 --lon 75.24 --week 19 --overlap 1.5 --min_conf 0.25
```

`--overlap` ಯಾಕಂದ್ರೆ ಈ ಪ್ರೋಗ್ರಾಮು ರೆಕಾರ್ಡಿಂಗ್‌ನ ಮೂರು ಮೂರು ಸೆಕೆಂಡಿನ ತುಂಡು ಮಾಡಿ ನೋಡುತ್ತೆ, ಕೂಗು ಸರಿಯಾಗಿ ತುಂಡಿನ ಗಡಿ ಮೇಲೆ ಬಿದ್ರೆ ಅರ್ಧ ಇದಕ್ಕೆ ಅರ್ಧ ಅದಕ್ಕೆ ಹೋಗಿ ಎರಡೂ ಕಡೆ ಗುರುತು ಸಿಗಲ್ಲ. ಒಂದೂವರೆ ಸೆಕೆಂಡ್ ಅತಿಕ್ರಮಣ ಕೊಟ್ರೆ ಆ ತೊಂದ್ರೆ ಕಮ್ಮಿ. ಅದಕ್ಕೆ ತೆರೋ ಬೆಲೆ ಏನಂದ್ರೆ ಒಂದೇ ಕೂಗು ಎರಡೆರಡು ಸಾಲಲ್ಲಿ ಬರುತ್ತೆ. 41 ಸಾಲು ಅಂದ್ರೆ 41 ಕೂಗಲ್ಲ, 41 ಹದ್ದಂತೂ ಅಲ್ವೇ ಅಲ್ಲ.

ಮತ್ತೆ ಓಡಿಸ್ದೆ, ಅಮೆರಿಕದವರೆಲ್ಲ ಮನೆಗೆ ಹೋದ್ರು. ಹದ್ದು ಹೋಗ್ಲಿಲ್ಲ. ಹೋಗೋಕೆ ಕಾರಣನೂ ಇಲ್ಲ, ಮಲೆನಾಡಲ್ಲಿ ಸರ್ಪೆಂಟ್ ಈಗಲ್ ವರ್ಷಪೂರ್ತಿ ಇರೋ ಹಕ್ಕಿ. ಈ ಜರಡಿಗೆ ಇಲ್ಲದ ಹಕ್ಕಿನ ತೆಗೆಯೋಕೆ ಬರುತ್ತೆ, ಇರೋ ಹಕ್ಕಿಯ ಹೆಸರು ತಪ್ಪಾಗಿ ಬಿದ್ರೆ ಅದಕ್ಕೆ ಗೊತ್ತಾಗಲ್ಲ.

ರೆಕಾರ್ಡಿಂಗೇ ಕೆಟ್ಟಿದ್ಯಾ ನೋಡಿ

ಇದನ್ನ ಬೇಗ ಮುಗಿಸ್ತೀನಿ, ನನ್ನ ಕೇಸಲ್ಲಿ ತೊಂದ್ರೆ ಇಲ್ಲಿರಲಿಲ್ಲ. ಎರಡು ವಿಷಯ. ಒಂದು ಸ್ಯಾಂಪಲ್ ರೇಟು. ಎಷ್ಟು ರೇಟಲ್ಲಿ ರೆಕಾರ್ಡ್ ಮಾಡಿದೀರೋ ಅದರ ಅರ್ಧದವರೆಗಿನ ಸದ್ದು ಮಾತ್ರ ಫೈಲಲ್ಲಿ ಇರುತ್ತೆ. ಬ್ಯಾಟರಿ ಉಳಿಸೋಕೆ 16 ಕಿಲೋಹರ್ಟ್ಜ್ ಇಟ್ರೆ 8ರ ಮೇಲಿನದ್ದೆಲ್ಲ ಇಲ್ಲ, ಸೂರಕ್ಕಿ, ಫ್ಲವರ್‌ಪೆಕರ್ ಥರದವುಗಳ ಸಣ್ಣ ಚಿಟ್ ಚಿಟ್ ಸದ್ದಿನ ತಲೆನೇ ಹಾರಿಹೋಗುತ್ತೆ. ಬರ್ಡ್‌ನೆಟ್ ಎಲ್ಲವನ್ನೂ 48ಕ್ಕೆ ಏರಿಸ್ಕೊಂಡೇ ನೋಡೋದು, ಆದ್ರೆ ಏರಿಸಿದ ಮಾತ್ರಕ್ಕೆ ಹೋದದ್ದು ವಾಪಸ್ ಬರಲ್ಲ. ಸ್ಪೆಕ್ಟ್ರೋಗ್ರಾಮ್‌ನಲ್ಲಿ, ಅಂದ್ರೆ ಅಡ್ಡಕ್ಕೆ ಸಮಯ, ಮೇಲಕ್ಕೆ ಶೃತಿ ಇಟ್ಟು ಬರೆದ ಸದ್ದಿನ ಚಿತ್ರದಲ್ಲಿ, ಒಂದು ಎತ್ತರದಿಂದ ಮೇಲೆ ಸ್ಕೇಲ್ ಇಟ್ಟು ಗೀಟು ಎಳೆದ ಹಾಗೆ ಕಪ್ಪಗಿದ್ರೆ ಇದೇ ಕಾರಣ ಅಂತ ತಿಳ್ಕೊಳಿ. ಮೊಬೈಲಲ್ಲಿ ವಾಯ್ಸ್ ನೋಟ್ ಆಗಿ ಕಳಿಸಿದ ಕ್ಲಿಪ್‌ಗಳೂ ಹಿಂಗೇ ಕತ್ತರಿಸಿ ಬರ್ತವೆ.

ಎರಡನೇದು ಗೇನ್ ಜಾಸ್ತಿ ಆಗಿ ಸದ್ದು ಒಡೆದಿರೋದು. ಸಿಳ್ಳಾರ ಮೈಕಿನ ಪಕ್ಕದಲ್ಲೇ ಕೂತು ಹಾಡಿದ್ರೆ ಅಲೆಯ ತಲೆ ಚಪ್ಪಟೆ ಆಗುತ್ತೆ, 2 ಕಿಲೋಹರ್ಟ್ಜ್‌ನ ಸಿಳ್ಳೆಗೆ 4ರಲ್ಲಿ, 6ರಲ್ಲಿ ಅದೇ ಆಕಾರದ ನೆರಳುಗಳು ಹುಟ್ತವೆ. ನಿಜವಾದ ಹಾರ್ಮೋನಿಕ್ಕೋ ಒಡೆದಿದ್ದೋ ಅಂತ ಗೊತ್ತಾಗ್ಬೇಕಂದ್ರೆ ಅಲೆಯ ಚಿತ್ರನ ದೊಡ್ಡದು ಮಾಡಿ, ತಲೆ ಕತ್ತರಿಸಿದ ಹಾಗೆ ಸಪಾಟಾಗಿದ್ದು, ಜೋರಾಗಿರೋ ಭಾಗದಲ್ಲಿ ಮಾತ್ರ ನೆರಳು ಕಾಣ್ತಿದ್ರೆ ಒಡೆದಿದ್ದು.

ಚೆಂಬುಕುಟಿಗ ಮತ್ತು ಸ್ಪ್ರಿಂಕ್ಲರ್

ಈಗ ಕಣ್ಣಿಗೆ ಕೆಲಸ. ಆಡಾಸಿಟಿ ಅನ್ನೋ ಆಡಿಯೋ ಸಾಫ್ಟ್‌ವೇರಲ್ಲಿ ಫೈಲ್ ತೆಗೆದು ಟ್ರ್ಯಾಕ್‌ನ ಮೆನುವಿನಲ್ಲಿ `Spectrogram` ಆರಿಸಿ. ಇಲ್ಲಿ ಎಲ್ರೂ ಮರೆಯೋದು `Window size`, ಅಂದ್ರೆ ಒಂದು ಸಲಕ್ಕೆ ಎಷ್ಟು ಸ್ಯಾಂಪಲ್ ಸೇರಿಸಿ ನೋಡ್ಬೇಕು ಅನ್ನೋದು. 48 ಕಿಲೋಹರ್ಟ್ಜ್ ಫೈಲಿಗೆ 2048 ಇಟ್ರೆ ಶೃತಿಯ ವ್ಯತ್ಯಾಸ 23 ಹರ್ಟ್ಜ್‌ವರೆಗೂ ಬಿಡಿಸಿ ಕಾಣುತ್ತೆ, ಆದ್ರೆ ಸಮಯದಲ್ಲಿ ಸುಮಾರು 43 ಮಿಲಿಸೆಕೆಂಡಿನದ್ದೆಲ್ಲ ಒಂದೇ ಮುದ್ದೆ. 512 ಇಟ್ರೆ ಉಲ್ಟಾ, ಸಮಯ 11 ಮಿಲಿಸೆಕೆಂಡಿನಷ್ಟು ಚೂಪು, ಶೃತಿ 94 ಹರ್ಟ್ಜ್‌ನಷ್ಟು ದಪ್ಪ. ಎರಡೂ ಒಟ್ಟಿಗೆ ಸಿಗಲ್ಲ, ಎಷ್ಟೇ ಒಳ್ಳೆ ಸಾಫ್ಟ್‌ವೇರ್ ತಂದ್ರೂ ಸಿಗಲ್ಲ. ಅದಕ್ಕೇ ಸಿಳ್ಳೆಗೆ 2048, ಟಕ್ ಟಕ್ ಸದ್ದಿಗೆ 512, ಅನುಮಾನ ಇದ್ರೆ ಎರಡರಲ್ಲೂ ನೋಡೋದು ನನ್ನ ಅಭ್ಯಾಸ.

ಒಂದೂವರೆ ಗಂಟೆ ಕುಟ್ಟಿದ ಚೆಂಬುಕುಟಿಗನ 2048ರಲ್ಲಿ ನೋಡ್ದಾಗ ನನಗೂ ಸರಿ ಅನ್ನಿಸ್ತು, ಒಂದೇ ಅಂತರದಲ್ಲಿ ಮಬ್ಬು ಮಬ್ಬು ಚುಕ್ಕೆ. 512ಕ್ಕೆ ಬದಲಾಯಿಸಿದ ತಕ್ಷಣ ಬಣ್ಣ ಬಯಲು. ಪ್ರತಿ ಟಕ್ಕೂ ಕೆಳಗಿಂದ ಮೇಲಿನವರೆಗೆ ನೆಟ್ಟಗೆ ನಿಂತ ಗೆರೆ. ಹಕ್ಕಿಯ ಕುಟ್ಟು ಹಾಗಿರಲ್ಲ, ಅದಕ್ಕೊಂದು ಶೃತಿ ಇದೆ, 1 ಕಿಲೋಹರ್ಟ್ಜ್‌ಗಿಂತ ಕೆಳಗೆ ಚಿಕ್ಕ ಅಡ್ಡ ಗೆರೆ ಥರ ಬರುತ್ತೆ, ಮೇಲೆಲ್ಲ ಖಾಲಿ. ಎಲ್ಲಾ ಶೃತಿನೂ ಒಟ್ಟಿಗೆ ಇರೋ ಸದ್ದು ಅಂದ್ರೆ ಏನೋ ಏನಕ್ಕೋ ತಾಗಿದ್ದು, ನೀರಿನ ಹನಿ, ಮುರಿದ ಕಡ್ಡಿ, ಅಥವಾ ನಮ್ಮ ಮಾವನ ಸ್ಪ್ರಿಂಕ್ಲರ್. ಜೆಟ್ಟಿನ ತೋಳು ನೀರಿಗೆ ಹೊಡ್ಕೊಂಡು ತಿರುಗುತ್ತಲ್ಲ, ಅದು. ಕರೆಂಟ್ ಬಂದಾಗ ಶುರು, ಹೋದಾಗ ನಿಂತು. ಪಂಪಿನ ಮೋಟಾರಿನ ಗುಂಯ್ ಸದ್ದು ಚಿತ್ರದ ಅಡಿಯಲ್ಲಿ ಅಡ್ಡ ಪಟ್ಟಿಯಾಗಿ ಅಷ್ಟೇ ಹೊತ್ತು ಕಾಣ್ತಿತ್ತು, ಅದನ್ನ ಮೊದ್ಲೇ ನೋಡ್ಬೇಕಿತ್ತು ನಾನು. ಮಳೆಗಾಲದಲ್ಲಿ ಇದೇ ಪಾತ್ರನ ಅಡಿಕೆ ಸೋಗೆಯಿಂದ ಬೀಳೋ ಹನಿ, ಮರಗಪ್ಪೆ ಮಾಡ್ತವೆ. ಕಪ್ಪೆಗೆ ಶೃತಿ ಇರೋದ್ರಿಂದ ಅದನ್ನ ಬಿಡಿಸೋದು ಹನಿಗಿಂತ ಕಷ್ಟ.

ಇನ್ನು ಹದ್ದು

0.91 ಬಂದಿದ್ದು 00:10ರ ಫೈಲಲ್ಲಿ 114ನೇ ಸೆಕೆಂಡಿಂದ 117ರವರೆಗೆ. ಕೇಳಿದ್ರೆ ಸರ್ಪೆಂಟ್ ಈಗಲ್ಲೇ, ಎಳೆದು ಬಿಡೋ ಅದೇ ಸಿಳ್ಳೆ. ಹಕ್ಕಿ ಕೂಗುಗಳನ್ನ ಕೂಡಿಟ್ಟಿರೋ ಝೀನೋ-ಕ್ಯಾಂಟೋ ತಾಣದಿಂದ ದಕ್ಷಿಣ ಭಾರತದ ಒಂದೈದಾರು ರೆಕಾರ್ಡಿಂಗ್ ಇಳಿಸಿ ಪಕ್ಕದಲ್ಲಿ ಇಟ್ಟು ನೋಡ್ದೆ, ಗೆರೆಗಳ ಆಕಾರನೂ ಹೆಚ್ಚುಕಮ್ಮಿ ಅದೇ. ಇಲ್ಲಿಗೆ ನಿಲ್ಲಿಸಿದ್ರೆ "ಖಚಿತ" ಅಂತ ಬರೆದು ಮುಂದೆ ಹೋಗ್ತಿದ್ದೆ. ಆದ್ರೆ ಪ್ರೋಗ್ರಾಮಿಗೆ ಮೂರೇ ಸೆಕೆಂಡು ಕಾಣೋದು, ನಮಗೆ ಆ ಕಟ್ಟುಪಾಡಿಲ್ವಲ್ಲ. ಹಿಂದೆ 20, ಮುಂದೆ 20 ಸೆಕೆಂಡ್ ಸೇರಿಸಿ ತುಂಡು ಮಾಡ್ಕೊಂಡೆ:

```
sox 20240517_001000.WAV haddu.wav trim 94 43
```

94 ಅಂದ್ರೆ ಶುರು, 43 ಅಂದ್ರೆ ಉದ್ದ. ಅಷ್ಟು ಉದ್ದಕ್ಕೆ ನೋಡಿದ ಮೇಲೆ ಚಿತ್ರನೇ ಬೇರೆ. ಮೊದ್ಲು ಗಂಟೆ ಬಾರಿಸಿದ ಹಾಗೆ ಎರಡು ಮೂರು ಲೋಹದ ಸದ್ದು. ಒಂದು ಸೆಕೆಂಡ್ ಬಿಟ್ಟು ಕುಟ್ರು ಹಕ್ಕಿ, ಕುಟ್ರೂ ಕುಟ್ರೂ ಅಂತ ಎರಡೇ ಸಲ ಹೇಳಿ ನಿಲ್ತು. ನಿಜವಾದ ಕುಟ್ರು ಶುರು ಹಚ್ಕೊಂಡ್ರೆ ಎರಡಕ್ಕೆ ನಿಲ್ಲೋ ಜಾತಿಯಲ್ಲ, ಮಲೆನಾಡಲ್ಲಿ ಬೆಳೆದವ್ರಿಗೆ ಗೊತ್ತು. ಆಮೇಲೆ ಪಿಕಳಾರದ ಥರ ಒಂದು ತುಣುಕು, ಆಮೇಲೆ ಹದ್ದು, ಆಮೇಲೆ ಶಿಕ್ರಾ ಅನ್ನೋ ಸಣ್ಣ ಬೇಟೆ ಹಕ್ಕಿ ಥರ ಚೂಪಾದ್ದು, ಮತ್ತೆ ಲೋಹದ ಸದ್ದು. ಬರ್ಡ್‌ನೆಟ್ ಪಟ್ಟಿನ ಆ 43 ಸೆಕೆಂಡಿಗೆ ಮಾತ್ರ ತೆಗೆದು ನೋಡಿದ್ರೆ ಒಂದಾದ ಮೇಲೆ ಒಂದು ಐದು ಜಾತಿ, ಮಧ್ಯದಲ್ಲಿ 0.34ರಲ್ಲಿ ನಾಚ್ಕೊಂಡು ಕೂತಿತ್ತು ಗ್ರೇಟರ್ ರಾಕೆಟ್-ಟೇಲ್ಡ್ ಡ್ರೋಂಗೋ. ಅಂದ್ರೆ ಭೀಮರಾಜ, ಉದ್ದ ಬಾಲದ ತುದಿಗೆ ಚಾಮರ ಕಟ್ಕೊಂಡ ಕಾಜಾಣ.

ಇದು ನಕಲು ಅಂತ ಹೇಳೋಕೆ ನಾನು ನೋಡಿದ ಗುರುತುಗಳು ಮೂರು, ಒಂದೊಂದೇ ಆದ್ರೆ ಸಾಲದು, ಮೂರೂ ಸೇರಿದ್ರೆ ನಂಬ್ಬಹುದು. ಮೊದಲನೇದು, ಈ ಐದು "ಹಕ್ಕಿ"ಗಳು ಒಂದ್ಸಲನೂ ಒಬ್ರ ಮೇಲೊಬ್ರು ಮಾತಾಡಲಿಲ್ಲ. ಬೆಳಗಿನ ಜಾವ ನಿಜವಾಗಿ ಐದು ಹಕ್ಕಿ ಕೂಗಿದ್ರೆ ಸ್ಪೆಕ್ಟ್ರೋಗ್ರಾಮ್ ಸಂತೆ ಆಗಿರುತ್ತೆ, ಗೆರೆ ಮೇಲೆ ಗೆರೆ. ಇಲ್ಲಿ ಪಾಳಿ ಪ್ರಕಾರ ಒಬ್ರು ಮುಗಿಸಿ ಇನ್ನೊಬ್ರು ಶುರು ಮಾಡ್ತಿದ್ರು, ಅಂದ್ರೆ ಗಂಟಲು ಒಂದೇ. ಎರಡನೇದು ದೂರ. ದೂರದಿಂದ ಬಂದ ಕೂಗಿನ ಮೇಲಿನ ಶೃತಿಗಳು ಎಲೆ, ಗಾಳಿಗೆ ಸಿಕ್ಕು ಸವೆದಿರ್ತವೆ, ಗೆರೆಯ ಹಿಂದೆ ಪ್ರತಿಧ್ವನಿಯ ಮಬ್ಬು ಬಾಲ ಇರುತ್ತೆ. ಆಕಾಶದಲ್ಲಿ ತಿರುಗೋ ಹದ್ದು, ಬೆಟ್ಟದ ಕುಟ್ರು, ಪಕ್ಕದ ಪೊದೆಯ ಪಿಕಳಾರ ಮೂರೂ ಒಂದೇ ಕಾಂತಿಯಲ್ಲಿ, ಒಂದೇ ಥರದ ಚೂಪು ಅಂಚಿನಲ್ಲಿ ಕಾಣೋಕೆ ಸಾಧ್ಯನೇ ಇಲ್ಲ, ಇಲ್ಲಿ ಕಾಣ್ತಿತ್ತು. ಮೂರನೇದು ನಕಲುಗಳ ಮಧ್ಯೆ ಮತ್ತೆ ಮತ್ತೆ ಬರೋ ಆ ಲೋಹದ ಸದ್ದು, ಅದು ಕಾಜಾಣದ ಸ್ವಂತ ಮಾತು. ಇದರ ಜೊತೆಗೆ ಹೊತ್ತು ಬೇರೆ ಸೇರ್ತು, ಕಾಜಾಣ ಕತ್ತಲು ಬಿಡೋ ಮುಂಚೆನೇ ಶುರು ಮಾಡೋ ಹಕ್ಕಿ. ಆ ಕ್ಲಿಪ್ ಮಾವಂಗೆ ಕೇಳಿಸ್ದೆ, ಹತ್ತು ಸೆಕೆಂಡ್ ಕೇಳಿ "ಕಾಜಾಣ ಮಾರಾಯ, ಹಲಸಿನ ಮರದ್ದು" ಅಂತ ಅಂದು ಎದ್ದು ಹೋದ್ರು.

ಗೆರೆಯ ಆಕಾರ ಒಂದನ್ನೇ ನೋಡಿ ನಕಲು ಅಸಲು ಬಿಡಿಸ್ತೀನಿ ಅಂತ ಹೊರಡ್ಬೇಡಿ, ಕಾಜಾಣ ಅಷ್ಟು ಚೆನ್ನಾಗಿ ಕಲಿತಿರುತ್ತೆ. ಶ್ರೀಲಂಕಾದ ಮಳೆಕಾಡಿನ ಕಾಜಾಣಗಳ ಮೇಲೆ ನಡೆದ ಅಧ್ಯಯನಗಳಲ್ಲಿ ಅವು ಬೇಟೆ ಹಕ್ಕಿಗಳ ಕೂಗನ್ನ, ಬೇರೆ ಹಕ್ಕಿಗಳು ಹೆದರಿದಾಗ ಮಾಡೋ ಸದ್ದನ್ನ ತಾವು ಗಾಬರಿಯಾದ ಹೊತ್ತಲ್ಲೇ ಬಳಸೋದು ಕಂಡುಬಂದಿದೆ. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಹದ್ದು, ಶಿಕ್ರಾ ವಿಪರೀತ ಜಾಸ್ತಿ ಬಂದು ಕಾಜಾಣ ಕಮ್ಮಿ ಬಂದಿದ್ರೆ ಮೊದ್ಲು ಅನುಮಾನ ಪಡಿ. ಎಲೆಹಕ್ಕಿ, ಅಂದ್ರೆ ಲೀಫ್‌ಬರ್ಡ್, ಅದಕ್ಕೂ ಇದೇ ಚಾಳಿ.

ಈಗ ಬೇಕಾದ್ರೆ ಮಿತಿ ಮುಟ್ಟಿ

41 ಸಾಲುಗಳನ್ನೂ ಹೀಗೇ 20 ಸೆಕೆಂಡ್ ಹಿಂದೆಮುಂದೆ ಸೇರಿಸಿ ಕೇಳ್ದೆ, ಎರಡು ಸಂಜೆ ಹಿಡೀತು. 31 ಕಾಜಾಣ, ಅದೂ ಅತಿಕ್ರಮಣದ ಲೆಕ್ಕ ಕಳೆದ್ರೆ 12 ಸಲ ಹಾಡಿದ್ದು ಅಷ್ಟೇ. 6 ನಿಜವಾದ ಹದ್ದು, ಎಲ್ಲವೂ ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂವರೆ ಒಳಗೆ, ಮಬ್ಬಾಗಿ, ಕೂಗಿಂದ ಕೂಗಿಗೆ ಸದ್ದು ಏರಿಳಿತಾ, ಹಿಂದೆಮುಂದೆ ಬೇರೆ ಯಾವ ನಕಲೂ ಇಲ್ದೆ. 4 ಬಗೆಹರಿಯಲಿಲ್ಲ.

ಆ ಆರು ಅಸಲಿ ಹದ್ದುಗಳ ಅಂಕ ನೋಡಿ: 0.29ರಿಂದ 0.58. ಎತ್ತರದಲ್ಲಿ ದೂರ ಇದ್ದಿದ್ರಿಂದ ಸದ್ದು ಸಣ್ಣ, ಅಂಕನೂ ಸಣ್ಣ. ನಕಲಿಗೆ 0.91, ಮೈಕಿನ ಹತ್ರ ಕೂತಿತ್ತಲ್ಲ. ನಾನು ಮೊದಲ ದಿನ ಮಾಡಿದ ಹಾಗೆ ಮಿತಿನ 0.7ಕ್ಕೆ ಇಟ್ಟಿದ್ರೆ ಅಸಲೆಲ್ಲ ಹೋಗಿ ನಕಲು ಉಳೀತಿತ್ತು. ಈ ಅಂಕ ಶೇಕಡಾ ಲೆಕ್ಕ ಅಲ್ಲ. 0.91 ಅಂದ್ರೆ ನೂರಕ್ಕೆ 91 ಸಲ ಸರಿ ಅಂತ ಅರ್ಥ ಅಲ್ಲ, ತಾನು ಕಲಿತ ಮಾದರಿಗೆ ಈ ಮೂರು ಸೆಕೆಂಡು ಎಷ್ಟು ಹೋಲುತ್ತೆ ಅನ್ನೋದು ಮಾತ್ರ. ಜಾತಿಯಿಂದ ಜಾತಿಗೆ, ಜಾಗದಿಂದ ಜಾಗಕ್ಕೆ ಅದರ ಬೆಲೆ ಬೇರೆ. ಕುಟ್ರುಗೆ 0.3 ಬಂದ್ರೂ ನಮ್ಮ ತೋಟದಲ್ಲಿ ಕಣ್ಣುಮುಚ್ಚಿ ನಂಬ್ತೀನಿ, ಹದ್ದಿಗೆ 0.9 ಬಂದ್ರೂ ಕೇಳದೇ ನಂಬಲ್ಲ.

ಮಿತಿ ಹಾಕ್ಲೇಬೇಕು ಅಂದ್ರೆ ಜಾತಿಗೊಂದು ಹಾಕಿ. ಒಂದು ಜಾತಿಯ ಪಟ್ಟಿಯಿಂದ 50 ಸಾಲು ಎತ್ಕೊಳಿ, ಕಮ್ಮಿ ಅಂಕದ್ದು, ನಡುವಿನದ್ದು, ಜಾಸ್ತಿದು ಎಲ್ಲ ಸಮವಾಗಿ ಬರೋ ಹಾಗೆ, ಅಂಕ ಮುಚ್ಚಿಟ್ಟು ಕೇಳಿ ಸರಿ ತಪ್ಪು ಬರೀರಿ, ಅಂಕ ಕಾಣ್ತಿದ್ರೆ ಕಿವಿ ಅದಕ್ಕೆ ವಾಲುತ್ತೆ. ಆಮೇಲೆ ಅಂಕದ ಜೊತೆ ಜೋಡ್ಸಿ ಎಲ್ಲಿಂದ ಮೇಲೆ ತಪ್ಪು ನಿಮಗೆ ಸಹಿಸೋ ಅಷ್ಟಕ್ಕೆ ಇಳಿಯುತ್ತೆ ನೋಡಿ. ಹದ್ದಿನ ಥರ ಅಂಕ ಏರಿದಷ್ಟೂ ತಪ್ಪೇ ಜಾಸ್ತಿ ಸಿಕ್ಕಿದ್ರೆ ಆ ಜಾತಿಗೆ ಮಿತಿ ಅನ್ನೋ ಉಪಾಯ ನಡಿಯಲ್ಲ, ಒಂದೊಂದೂ ಕೇಳ್ಬೇಕು, ಅಥವಾ ಒಂಬತ್ತು ಗಂಟೆಗಿಂತ ಮುಂಚಿನದ್ದನ್ನೆಲ್ಲ ಬೇರೆ ತಟ್ಟೆಗೆ ಹಾಕ್ಬೇಕು.

ಬಗೆಹರಿಯದ ನಾಲ್ಕೂ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತರ ಒಳಗಿನವು, ಹದ್ದು ಏಳೋಕೆ ಸ್ವಲ್ಪ ಬೇಗ, ಕಾಜಾಣ ಅನ್ನೋಕೆ ಲೋಹದ ಸದ್ದಿಲ್ಲ, ಮೇಲಿಂದ ಜೀರುಂಡೆ ಗದ್ದಲ ಗೆರೆಗಳನ್ನೆಲ್ಲ ನುಂಗಿದೆ. ಶೀಟಲ್ಲಿ "ಗೊತ್ತಾಗಲಿಲ್ಲ" ಅಂತ ಬರೆದು ಕ್ಲಿಪ್ ಇಟ್ಕೊಂಡಿದೀನಿ, ಈ-ಬರ್ಡ್‌ಗೆ ಹಾಕಿಲ್ಲ. ಮುಂದಿನ ಸಲ ರೆಕಾರ್ಡರ್‌ನ ಹಲಸಿನ ಮರದಿಂದ ಗದ್ದೆ ಬದಿಯ ಕಂಬಕ್ಕೆ ಬದಲಾಯಿಸ್ತಿದೀನಿ, ಲೋಕಲ್ ಟೈಮ್ ಟಿಕ್ ಮಾಡಿ ಆಯ್ತು, ಮಾವನ ಹತ್ರ ಸ್ಪ್ರಿಂಕ್ಲರ್ ಯಾವಾಗ ಬಿಟ್ರು ಅಂತ ಬರೆದಿಡೋಕೂ ಹೇಳಿದೀನಿ, ಬರೀತಾರೋ ಇಲ್ವೋ ನೋಡ್ಬೇಕು.